ನೂರಾಹತ್ತಕ್ಕೆ ನೂರು

(ಹಾನಗಲ್ಲಿನ ಒಂದು ಶಾಲಾ ಆಡಳಿತ ಮಂಡಳಿ. ಶಿಕ್ಷಕರ ಸಂದರ್ಶನಕ್ಕೆ ಕರೆಯಬೇಕಾದವರ ಅಂಕಪಟ್ಟಿ ಅಧ್ಯಕ್ಷರ ಮುಂದಿದೆ.)

ಗುಮಾಸ್ತ: ಸಾಹೇಬ್ರ, ಪದವಿಗೆ 50, ಬಿ.ಎಡ್.ಗೆ 20, ಅನುಭವಕ್ಕ 30. ಅಲ್ಲಿಗೇ 100 ಆತು. ಈ ‘ಸ್ಥಳೀಯ 10’ ಯಾವಾಗ ಬಂತ್ರಿ?

ಅಧ್ಯಕ್ಷ: ನಿನ್ನೆ ರಾತ್ರಿ. ಶಿಗ್ಗಾವಿ, ಹಿರೇಕೆರೂರಿನವ್ರಿಗೂ ಆ ಕಾಲಂ ಐತಿ. ಸೊನ್ನಿ ಹಾಕೇವಿ, ಯಾರನ್ನೂ ಬಿಟ್ಟಿಲ್ಲ.

ಗುಮಾಸ್ತ: ಒಟ್ಟು 110 ಆತಲ್ರಿ!

ಅಧ್ಯಕ್ಷ: ಎಲ್ಲಾರದೂ 110ರಿಂದ ಭಾಗಿಸಿ 100ಕ್ಕ ಇಳಸು.

ಗುಮಾಸ್ತ: ಇಳಿಸಿ ನೋಡೇನ್ರಿ. ಸವಣೂರಿನಾಕಿ 35, 16, 15 ಸೇರಿ 66 ಇದ್ದಾಕಿ, 60ಕ್ಕ ಬಂದ್ಲು. ನಿಮ್ಮ ಅಳಿಯಾರು 30, 14, 18 ಸೇರಿ 62. ಮ್ಯಾಲೆ ಸ್ಥಳೀಯ 10 ಕೂಡಿ 72. ಇಳಿಸಿದ್ರ 65.45. ಕರೆಯೋ ಗೆರಿ 65.

ಅಧ್ಯಕ್ಷ: ನೋಡು, ಲೆಕ್ಕ ಎಷ್ಟ ಚಂದ ಕೂಡ್ತು!

ಗುಮಾಸ್ತ: ಲೆಕ್ಕ ಕೂಡ್ತ್ರಿ, ಪ್ರಕಟಣೆಗೆ ಕೂಡಲಿಲ್ಲ. ಅದರಾಗ ಮೂರ ಕಾಲಂ ಅದಾವ. ನಾಲ್ಕನೇದು ತಗದ್ರ ಒಟ್ಟು ತಾನ 100 ಆಗ್ತೈತಿ, ಭಾಗಾಕಾರನ ಬ್ಯಾಡ. ಆಕಿ ಒಳಗ, ಅಳಿಯಾರು ಹೊರಗ.

ಅಧ್ಯಕ್ಷ: ಪ್ರಕಟಣೆ ತಿದ್ದಿ ಹಿಂದಿನ ತಾರೀಖು ಹಾಕು.

ಗುಮಾಸ್ತ: ಪೇಪರಿನ್ಯಾಗ ಬಂದೈತ್ರಿ.

ಅಧ್ಯಕ್ಷ: ಹಂಗಾರ ಪೇಪರಿನವ್ರಿಗೆ ಹೇಳು, ಅಚ್ಚಿನ ತಪ್ಪು ಆಗೇತಿ ಅಂತ!