ಅವರು ಅಂದರೆ ನಾನೇ, ಮೇಷ್ಟ್ರೇ

ಹೆಬ್ಬೂರಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ನಿವೃತ್ತಿಯ ಮೇಲೂ ಒಂದು ಕೆಲಸ ತಪ್ಪುವುದಿಲ್ಲ. ಯಾರ ಮನೆ ಲಗ್ನಪತ್ರಿಕೆಯಾದರೂ ತಿದ್ದಲು ನನ್ನ ಜಗಲಿಗೇ ಬರುತ್ತದೆ. ಹಿಂದೆ ಶಾಲಾ ವಾರ್ಷಿಕೋತ್ಸವಕ್ಕೆ ಬರುವ ಮುಖ್ಯ ಅತಿಥಿಗಳ ಪರಿಚಯವನ್ನೂ ನಾನೇ ಬರೆಯುತ್ತಿದ್ದೆ. "ಇವರಿಗೆ ಪರಿಚಯದ ಅಗತ್ಯವಿಲ್ಲ" ಅಂತ ಶುರು ಮಾಡಿ ಕಾಲು ಗಂಟೆ ಓದುವಷ್ಟು ಬರೆದ ಪಾಪ ನನ್ನ ತಲೆ ಮೇಲಿದೆ. ಆದರೆ ತನ್ನ ಪರಿಚಯವನ್ನು ತಾನೇ ಬರೆದುಕೊಂಡು, ಅದನ್ನು ಬೇರೆ ಯಾರೋ ಬರೆದ ಹಾಗೆ ಕಾಣಿಸಬೇಕು ಎಂದು ನನ್ನ ಹತ್ತಿರ ಬಂದವನು ಇವನೊಬ್ಬನೇ.

ಇವನು ನನ್ನ ಹಳೆಯ ವಿದ್ಯಾರ್ಥಿ. ಬೆಂಗಳೂರಿನ ಒಂದು ಕಂಪನಿಯಲ್ಲಿ ಎಂಜಿನಿಯರ್. ಭಾನುವಾರ ಕಾಮಾಕ್ಷಿ ಶಾರದಾಂಬೆಯ ದರ್ಶನಕ್ಕೆಂದು ಬಂದವನು ಹಾಗೇ ನಮ್ಮ ಮನೆಗೂ ಬಂದ. ಇವನ ಜಾತಿಯವರನ್ನು ನೀವೂ ನೋಡಿರುತ್ತೀರಿ. ವಯಸ್ಸು ನಲವತ್ತರ ಆಚೀಚೆ. ಮನೆಸಾಲ ಅರ್ಧ ತೀರಿದೆ, ತಲೆಗೂದಲು ಅರ್ಧ ಉಳಿದಿದೆ. ಕಾಲೇಜಿನಲ್ಲಿ ಬಂದ ಬಹುಮಾನ ಹೇಳಿಕೊಳ್ಳೋಣವೆಂದರೆ ವಯಸ್ಸು ಮೀರಿದೆ. ಹೆಸರೊಂದನ್ನೇ ಹಾಕಿ ಸುಮ್ಮನಿರೋಣವೆಂದರೆ ಅಷ್ಟು ಹೆಸರು ಇನ್ನೂ ಬಂದಿಲ್ಲ. ಮೇಲಿನವರಿಗೆ ಇವನು ಹುಡುಗ, ಕೆಳಗಿನವರಿಗೆ ಅಂಕಲ್. ಪರಿಚಯ ಅತಿ ಹೆಚ್ಚು ಬೇಕಾಗುವುದು ಈ ನಡುಮನೆಯವರಿಗೇ.

ಬೆಂಗಳೂರಿನಲ್ಲಿ ಪಂಪ್‌ಸೆಟ್ಟುಗಳ ಬಗ್ಗೆ ಒಂದು ಸಮ್ಮೇಳನವಂತೆ. ಇವನಿಗೆ ಇಪ್ಪತ್ತು ನಿಮಿಷ ಮಾತು. ಕಾರ್ಯಕ್ರಮ ಪುಸ್ತಕದಲ್ಲಿ ಹಾಕಲು ನೂರು ಪದದ ಪರಿಚಯ, ಪ್ರಥಮ ಪುರುಷದಲ್ಲಿ, ಶುಕ್ರವಾರದೊಳಗೆ ಕೊಡಬೇಕು. ಬರೆದದ್ದು ಇಂಗ್ಲಿಷಿನಲ್ಲಿ, ಇನ್ನೂರ ನಲವತ್ತು ಪದ. ನನಗಾಗಿ ಕನ್ನಡದಲ್ಲಿ ಹೇಳುತ್ತಾ ಹೋದ: "ಅವರು 16ಕ್ಕೂ ಹೆಚ್ಚು ವರ್ಷಗಳ ಸಮೃದ್ಧ ಅನುಭವವುಳ್ಳ ದಾರ್ಶನಿಕ ನಾಯಕರು. ಕೃಷಿ ನೀರಾವರಿ ವಲಯದ ಸಮಗ್ರ ಪರಿಹಾರಗಳ ರೂವಾರಿ. ತಂತ್ರಜ್ಞಾನವೇ ಅವರ ಉಸಿರು."

"ಯಾರಪ್ಪಾ ಇವರು?" ಎಂದೆ.

"ಅವರು ಅಂದರೆ ನಾನೇ, ಮೇಷ್ಟ್ರೇ."

ಎಸೆಸೆಲ್ಸಿಯಲ್ಲಿ ಸಂಧಿ ಬಿಡಿಸಲು ಹೇಳಿದರೆ ಕಿಟಕಿಯ ಆಚೆ ನೋಡುತ್ತಿದ್ದ ಹುಡುಗ ದಾರ್ಶನಿಕನಾದದ್ದು ಯಾವಾಗ ಎಂದು ನಾನು ಕೇಳಲಿಲ್ಲ. ತಪ್ಪು ಇವನದ್ದಲ್ಲ, ಪ್ರಥಮ ಪುರುಷದ್ದು. "ನಾನು ದಾರ್ಶನಿಕ" ಎಂದು ಹೇಳಲು ಯಾವ ಮನುಷ್ಯನಿಗೂ ಬಾಯಿ ಬರುವುದಿಲ್ಲ. "ಅವರು ದಾರ್ಶನಿಕರು" ಎನ್ನುವುದು ಸಲೀಸು, ಯಾಕೆಂದರೆ ಹೇಳಿದವರು ಬೇರೆ ಯಾರೋ. ಇಂಗ್ಲಿಷಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ದೊರೆಗೂ ಜೀತದವನಿಗೂ ಒಂದೇ ಸರ್ವನಾಮ. ಕನ್ನಡದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. "ಅವನು" ಎಂದು ಬರೆದರೆ ಯಾರೋ ಬೈದ ಹಾಗಿರುತ್ತದೆ, "ಅವರು" ಎಂದರೆ ತನಗೆ ತಾನೇ ಬಹುವಚನ ಕೊಟ್ಟುಕೊಂಡ ಹಾಗೆ. ಅದಕ್ಕೇ ಅವನಿಗೆ ಒಂದು ಕೆಲಸ ಹೇಳಿದೆ. ಬರೆದದ್ದರಲ್ಲಿ "ಅವರು" ಇರುವಲ್ಲೆಲ್ಲ "ನಾನು" ಹಾಕಿ ಗಟ್ಟಿಯಾಗಿ ಓದು. ಒಳಗೆ ನಿಮ್ಮಮ್ಮ ನಮ್ಮ ಮನೆಯವಳ ಜೊತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾರೆ, ಅವರಿಗೆ ಕೇಳುವ ಹಾಗೆ ಓದು.

"ನಾನು ಸಮೃದ್ಧ ಅನುಭವವುಳ್ಳ..." ಅಂದ. ಒಳಗೆ ಅವರೆಕಾಯಿ ಸಿಪ್ಪೆಯ ಸದ್ದು ನಿಂತಿತು. ಮುಂದಿನ ವಾಕ್ಯ ಅವನಿಂದ ಆಗಲಿಲ್ಲ. ಹೀಗೆ ಮೊದಲ ಏಟಿಗೆ ಅರವತ್ತು ಪದ ಬಿದ್ದುಹೋದವು.

ಎರಡನೆಯ ಏಟು ನೆರೆಯವನದ್ದು. ನಿನ್ನ ಹೆಸರು ತೆಗೆದು ನಿನ್ನ ಆಫೀಸಿನಲ್ಲಿ ಪಕ್ಕದ ಕುರ್ಚಿಯವನ ಹೆಸರು ಹಾಕು, ಆಗಲೂ ನಿಜವಾಗಿದ್ದರೆ ಆ ವಾಕ್ಯ ನಿನ್ನದಲ್ಲ ಎಂದೆ. "ಸಮಗ್ರ ಪರಿಹಾರಗಳ ರೂವಾರಿ" ಪಕ್ಕದವನಿಗೂ ಹೊಂದಿತು, ಅದರ ಪಕ್ಕದವನಿಗೂ ಹೊಂದಿತು. "ನಮ್ಮ ಫ್ಲೋರಲ್ಲಿ ಎಲ್ಲರೂ ಅದೇ ಬರಕೋತೀವಿ ಸಾರ್" ಎಂದು ಒಪ್ಪಿಕೊಂಡ.

ರೂವಾರಿ ಎಂಬ ಮಾತಿಗೆ ಮಾತ್ರ ನನಗೆ ಸ್ವಲ್ಪ ಕೋಪ ಬಂತು. ಈಗ ಪತ್ರಿಕೆಗಳಲ್ಲಿ ಯೋಜನೆಗೊಬ್ಬ ರೂವಾರಿ. ಹೊಯ್ಸಳರ ಕಾಲದಲ್ಲಿ ಅದು ಶಿಲ್ಪಿಯ ಹೆಸರು, ಉಳಿ ಹಿಡಿದವನದ್ದು. ಆ ರೂವಾರಿಗಳೂ ತಮ್ಮ ಪರಿಚಯ ಕೊರೆದಿದ್ದಾರೆ. ಬೇಲೂರಿನಲ್ಲಿ ವಿಗ್ರಹದ ಪೀಠದ ಮೇಲೆ ಬಳ್ಳಿಗಾವಿಯ ದಾಸೋಜ ಎಂದಿದೆ, ಅವನ ಮಗ ಚಾವಣನ ಹೆಸರಿದೆ. ಹೆಸರು, ಅಪ್ಪ, ಊರು, ಕೆಲವರದ್ದು ಜೊತೆಗೊಂದು ಬಿರುದು. ಬಿರುದಿನ ಚಪಲ ಆಗಲೂ ಇತ್ತು ಅನ್ನಿ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಷ್ಟೋ ಕಡೆ ಪೂರ್ತಿ ಹೆಸರನ್ನೂ ಬರೆಯದೆ "ಮ" ಎಂಬ ಒಂದಕ್ಷರ ಕೊರೆದು ಮುಂದೆ ಹೋಗಿದ್ದಾನೆ. ಅವರಿಗೊಂದು ಅನುಕೂಲವಿತ್ತು: ಪರಿಚಯದ ಮೇಲೆಯೇ ಕೆಲಸ ನಿಂತಿತ್ತು, ಓದಿದವನು ಕತ್ತೆತ್ತಿದರೆ ಸಾಕು. ನಮ್ಮವನ ಕೆಲಸ ಯಾವುದೋ ತೋಟದ ಪಂಪ್‌ಹೌಸಿನಲ್ಲಿ ತಗಡಿನ ಪೆಟ್ಟಿಗೆಯೊಳಗಿದೆ. ಅದನ್ನು ಪದಗಳಲ್ಲೇ ತೋರಿಸಬೇಕು.

"ಹಾಗಾದ್ರೆ ನೀನು ಮಾಡೋದೇನು, ಅದನ್ನ ಹೇಳು" ಎಂದೆ. ಅಲ್ಲಿಯವರೆಗೆ ಒಣಗಿದ್ದ ಮುಖ ಅರಳಿತು.

ನಮ್ಮ ಕಡೆಯ ತೋಟಗಳಲ್ಲೆಲ್ಲ ಮೂರು ಫೇಸಿನ ಮೋಟರು. ಓಡುತ್ತಿರುವಾಗ ಒಂದು ಫೇಸ್ ಹೋದರೆ ಮೋಟರ್ ತಕ್ಷಣ ನಿಲ್ಲುವುದಿಲ್ಲ. ಉಳಿದೆರಡರಿಂದ ಹೆಚ್ಚು ಕರೆಂಟ್ ಎಳೆದುಕೊಂಡು ಗೊಂಯ್‌ಗುಡುತ್ತಾ ನೀರೆತ್ತುತ್ತಲೇ ಇರುತ್ತದೆ, ಒಳಗೆ ವೈಂಡಿಂಗ್ ಕಾಯುತ್ತದೆ, ಕೊನೆಗೆ ಸುಡುತ್ತದೆ. ಬಿಚ್ಚಿ ನೋಡಿದರೆ ಕಾರಣ ತಾನೇ ಹೇಳುತ್ತದಂತೆ: ಸ್ಟಾರ್ ಜೋಡಣೆಯ ಮೋಟರಾದರೆ ಎರಡು ಫೇಸಿನ ಸುರುಳಿ ಕರಿ, ಒಂದು ಹೊಸದರ ಹಾಗೆ. ಡೆಲ್ಟಾ ಆದರೆ ಒಂದು ಕರಿ, ಎರಡು ಹೊಸದು. ಮೂರೂ ಒಂದೇ ಸಮ ಕರಿಯಾಗಿದ್ದರೆ ಅದು ಅತಿ ಭಾರದ್ದೋ ಇನ್ನೇನೋ ಕಾರಣ. (ಇಡೀ ಇನ್ನೂರ ನಲವತ್ತು ಪದದಲ್ಲಿ ಇಷ್ಟು ಒಳ್ಳೆಯ ಪರಿಚಯ ಪತ್ರ ಇರಲಿಲ್ಲ.)

ಹೀಗಾಗದಿರಲೆಂದು ಪ್ಯಾನೆಲ್ಲಿನಲ್ಲಿ ಒಂದು ರಿಲೇ ಇರುತ್ತದೆ, ಫೇಸ್ ಹೋದರೆ ಮೋಟರ್ ನಿಲ್ಲಿಸಲು. ಇವರ ಕಂಪನಿಯ ಹಳೆಯ ರಿಲೇ ವೋಲ್ಟೇಜು ಚೂರು ಏರುಪೇರಾದರೂ ನಿಲ್ಲಿಸಿಬಿಡುತ್ತಿತ್ತು. ರಾತ್ರಿ ಮೂರು ಗಂಟೆಗೆ ಕರೆಂಟು ಬರುವ ಊರಿನಲ್ಲಿ ರೈತ ಎಷ್ಟು ಸಲ ಎದ್ದು ಹೋಗಿ ಬಟನ್ ಒತ್ತಿಯಾನು? ಒಂದು ತುಂಡು ತಂತಿ ಹಾಕಿ ರಿಲೇಯನ್ನೇ ಬೈಪಾಸ್ ಮಾಡಿದ. ಆಮೇಲೆ ನಿಜವಾಗಿ ಫೇಸ್ ಹೋದ ದಿನ ತಡೆಯುವವರು ಯಾರೂ ಇರಲಿಲ್ಲ. ಕ್ಷಣದ ಏರುಪೇರು ಯಾವುದು, ನಿಜವಾಗಿ ಹೋದ ಫೇಸ್ ಯಾವುದು ಎಂದು ಕೆಲವು ಸೆಕೆಂಡು ಕಾದು ತೀರ್ಮಾನಿಸುವ ಭಾಗವನ್ನು ಬರೆದವನು ಇವನು.

"ಮತ್ತೆ ಇದನ್ನ ಯಾಕೆ ಬರೀಲಿಲ್ಲ?"

"ತುಂಬಾ ಚಿಕ್ಕದಾಯ್ತು ಅನ್ನಿಸ್ತು ಮೇಷ್ಟ್ರೇ."

ಈ ಜಾತಿಯ ರೋಗವೇ ಇದು. ಮಾಡಿದ ಕೆಲಸ ಚಿಕ್ಕದಾಗಿ ಕಾಣುತ್ತದೆ, ಮಾಡದ್ದು ದೊಡ್ಡದಾಗಿ ಕಾಣುತ್ತದೆ. ದೊಡ್ಡದನ್ನು ಬರೆದರೆ ಇನ್ನೊಂದು ತೊಡಕು. "ಇಡೀ ಯೋಜನೆಯ ನೇತೃತ್ವ ವಹಿಸಿದರು" ಎಂದು ಬರೆದಿದ್ದ. ತಂಡದಲ್ಲಿ ಎಷ್ಟು ಜನ ಎಂದೆ. ಆರು. ನೇತೃತ್ವ ಯಾರದ್ದು? ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರು ಬೇರೆ ಕಂಪನಿಗೆ ಹೋದರು ಎಂದ. ಬಿಟ್ಟುಹೋದವರ ಕೆಲಸಕ್ಕೆಲ್ಲ ಉಳಿದವರು ವಾರಸುದಾರರಾಗುವುದು ಪರಿಚಯಗಳಲ್ಲಿ ಮಾಮೂಲು. ಆದರೆ ಸಭೆಯಲ್ಲಿ ಆ ಆರು ಜನರಲ್ಲಿ ಒಬ್ಬ ಕೂತಿದ್ದರೆ ಸಾಕು, ಇಪ್ಪತ್ತು ನಿಮಿಷವೂ ಅವನ ಮುಖವನ್ನೇ ನೋಡಿಕೊಂಡು ಮಾತಾಡಬೇಕಾಗುತ್ತದೆ.

"16 ವರ್ಷ" ತೆಗೆಸಿ "2008ರಿಂದ" ಮಾಡಿಸಿದೆ. ವರ್ಷದ ಎಣಿಕೆ ಮರುವರ್ಷಕ್ಕೇ ಹಳಸುತ್ತದೆ, ಇಸವಿ ಹಳಸುವುದಿಲ್ಲ. ಕೊನೆಗೆ ಉಳಿದದ್ದು ಹೀಗೆ:

"ಹೆಬ್ಬೂರಿನ ಇವರು 2008ರಿಂದ ಪಂಪ್‌ಸೆಟ್ ಪ್ಯಾನೆಲ್‌ಗಳ ಕೆಲಸದಲ್ಲಿದ್ದಾರೆ. ಮೊದಲ ನಾಲ್ಕು ವರ್ಷ ತೋಟಗಳಿಗೆ ಹೋಗಿ ಪ್ಯಾನೆಲ್ ರಿಪೇರಿ ಮಾಡಿದರು. ಒಂದು ಫೇಸ್ ಹೋದಾಗ ಮೋಟರ್ ನಿಲ್ಲಿಸುವ ರಿಲೇ ಸಣ್ಣ ಏರುಪೇರಿಗೂ ನಿಲ್ಲಿಸುತ್ತಿದ್ದರಿಂದ ರೈತರು ಅದನ್ನು ಬೈಪಾಸ್ ಮಾಡುತ್ತಿದ್ದರು. ಆ ಎರಡನ್ನು ಬೇರೆ ಮಾಡಿ ಗುರುತಿಸುವ ಭಾಗವನ್ನು, ಆರು ಜನರ ತಂಡದಲ್ಲಿದ್ದು ಬರೆದವರು ಇವರು. ಇಂದಿನ ಮಾತು, ಆ ರಿಲೇ ಈಗಲೂ ಎಲ್ಲಿ ಸೋಲುತ್ತದೆ ಎಂಬುದರ ಬಗ್ಗೆ."

ಕೊನೆಯ ವಾಕ್ಯಕ್ಕೆ ಬಹಳ ಹೊತ್ತು ಜಗ್ಗಾಡಿದ. ಸೋಲು ಅಂತ ಪರಿಚಯದಲ್ಲಿ ಬರೆಯುವುದೇ? ಎಲ್ಲಿ ಸೋಲುತ್ತದೆಯಪ್ಪಾ ಎಂದರೆ ಮತ್ತೆ ಮುಖ ಅರಳಿತು: ಓಡುತ್ತಿರುವ ಮೋಟರು ಹೋದ ಫೇಸಿನ ತಂತಿಯಲ್ಲಿ ತಾನೇ ವೋಲ್ಟೇಜು ಹುಟ್ಟಿಸುತ್ತದಂತೆ. ವೋಲ್ಟೇಜನ್ನು ಮಾತ್ರ ನೋಡುವ ರಿಲೇ ಮೂರೂ ಇವೆ ಎಂದೇ ತಿಳಿದು ಮೋಸಹೋಗುತ್ತದೆ. ಕರೆಂಟನ್ನೂ ಅಳೆದರೆ ಮಾತ್ರ ಸಿಕ್ಕಿಬೀಳುತ್ತದೆ. ಇಲ್ಲದ್ದನ್ನು ಇದೆ ಎಂದು ಒಳಗಿನಿಂದಲೇ ತೋರಿಸುವ ಆ ಮೋಟರಿಗೂ ಇವನ ಮೊದಲ ಕರಡಿಗೂ ಇದ್ದ ನಂಟನ್ನು ನಾನು ಎತ್ತಿ ಆಡಲಿಲ್ಲ. ಕಾಫಿ ಕುಡಿಸಿ ಕಳಿಸಿದೆ.

ಆಮೇಲಿನದು ಫೋನಿನಲ್ಲಿ ಕೇಳಿದ್ದು. ಪರಿಚಯದ ಜೊತೆ ತುಂಬಬೇಕಾದ ಫಾರಮ್ಮಿನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ. ನಮ್ಮವರಿಗೆ ಕೊನೆಯ ಹೆಸರೆಲ್ಲಿಯದು? ಇನಿಷಿಯಲ್ ಹಾಕಿದರೆ ತೆಗೆದುಕೊಳ್ಳಲಿಲ್ಲ, ಬಿಡಿಸಿ ಬರೆ ಎಂದಿತು. ಬಿಡಿಸಿದರೆ ಒಂದು ಊರು, ಒಂದು ಅಪ್ಪ. ಅಪ್ಪನ ಹೆಸರಿನಲ್ಲಿ ತನ್ನನ್ನು ಕರೆದರೆ ಓ ಎನ್ನಲು ಮುಜುಗರವಾಗಿ ಊರನ್ನೇ ಹಾಕಿದ. ವೇದಿಕೆಯ ಮೇಲೆ ನಿರೂಪಕಿ, ಸಮಯದ ಅಭಾವದಿಂದ ಪರಿಚಯಗಳನ್ನು ಓದುತ್ತಿಲ್ಲ, ಪುಸ್ತಕದಲ್ಲಿವೆ ಎಂದು ಹೇಳಿ, "ಈಗ ಮಿಸ್ಟರ್ ಹೆಬ್ಬೂರ್" ಎಂದು ಕರೆದರಂತೆ. ಎದೆಯ ಬಿಲ್ಲೆಯ ಮೇಲೂ ಅದೇ.

ಊಟದ ಸಾಲಿನಲ್ಲಿ ಆ ಬಿಲ್ಲೆ ನೋಡಿದ ಗುಬ್ಬಿ ಕಡೆಯವರೊಬ್ಬರು, "ನಮ್ಮ ಹೆಬ್ಬೂರಾ ಸಾರ್?" ಎಂದು ಹಿಡಿದುಕೊಂಡರಂತೆ. ಅವರ ತೆಂಗಿನ ತೋಟದ ಏಳೂವರೆ ಎಚ್‌ಪಿ ಮೋಟರು ಒಂದೇ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತ್ತು. ಬಿಚ್ಚಿದಾಗ ಎಷ್ಟು ಸುರುಳಿ ಕರಿಯಾಗಿತ್ತು ಎಂದು ಇವನು ಕೇಳಿದ. ಎರಡು ಕರಿ, ಒಂದು ಹೊಸದು ಎಂದರು. ಸ್ಟಾರಾ ಡೆಲ್ಟಾವಾ ಎಂದದ್ದಕ್ಕೆ ಅವರು ಅಲ್ಲಿಂದಲೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಕೇಳಿದರು. ಸ್ಟಾರು. ಕೈಯಲ್ಲಿದ್ದ ಅನ್ನ ಆರುವವರೆಗೂ ಇಬ್ಬರೂ ಅದನ್ನೇ ಮಾತಾಡಿದರಂತೆ. ಪ್ಯಾನೆಲ್ಲಿನಲ್ಲಿ ತಂತಿ ತುಂಡು ಹಾಕಿದ್ದೀರಾ ಎಂದಾಗ ಮಾತ್ರ ಅವರು ತಟ್ಟೆಯ ಕಡೆ ನೋಡಿದರು.

ಆ ಮೋಟರು ಮೂರನೆಯ ಸಲ ವೈಂಡಿಂಗಿಗೆಂದು ಈ ವಾರ ನಮ್ಮೂರಿನ ಅಂಗಡಿಗೇ ಬಂದಿದೆ.