ಒಂದೇ ಹಾಳೆಯಲ್ಲಿ ಕೊಡಿ ಸ್ವಾಮಿ!

ದಪ್ಪ ವರದಿಯೊಂದನ್ನು ಮುಗಿಸಬೇಕೆಂದರೆ ಬೆಂಕಿ ಹಚ್ಚಬೇಕಿಲ್ಲ, ಸಾರಾಂಶ ಬರೆಸಿದರೆ ಸಾಕು. ಸುಟ್ಟರೆ ಪತ್ರಿಕೆಯವರು ಬರೆಯುತ್ತಾರೆ, ವಿರೋಧ ಪಕ್ಷದವರು ಸದನದ ಬಾವಿಗಿಳಿಯುತ್ತಾರೆ. ಸಾರಾಂಶದ ತಂಟೆಗೆ ಯಾರೂ ಬರುವುದಿಲ್ಲ. ಮೇಲಿನವರು "ಚೊಕ್ಕವಾಗಿದೆ" ಎಂದು ಷರಾ ಬರೆದು ಸಹಿ ಹಾಕುತ್ತಾರೆ.

ಈ ವಿದ್ಯೆಯಲ್ಲಿ ಪಳಗಿದ ಕೈಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಸಿಕ್ಕಿತೆಂದುಕೊಳ್ಳಿ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಸಲ್ಲಿಕೆಯಾದ ವರದಿ ಅದು. 35 ಸೂಚಕಗಳನ್ನಿಟ್ಟುಕೊಂಡು ಆಗಿನ 175 ತಾಲ್ಲೂಕುಗಳನ್ನು ಅಳೆದ ಸಮಿತಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅದಕ್ಕಿಂತ ಕೆಳಗಿದ್ದವನ್ನು ಹಿಂದುಳಿದವು ಎಂದಿತು. ನಮ್ಮ ಪಳಗಿದ ಕೈ ಇದನ್ನು ಹೀಗೆ ಇಳಿಸುತ್ತದೆ:

"ಸನ್ಮಾನ್ಯ ಸಮಿತಿಯು ರಾಜ್ಯಾದ್ಯಂತ ಅಧ್ಯಯನ ಕೈಗೊಂಡು, ಹಲವಾರು ತಜ್ಞರ ಅಭಿಪ್ರಾಯ ಪಡೆದು, 114 ತಾಲ್ಲೂಕುಗಳು ಹಿಂದುಳಿದಿರುವುದನ್ನು ಗಮನಿಸಿದೆ. ಇವುಗಳಲ್ಲಿ 59 ಉತ್ತರದಲ್ಲೂ 55 ದಕ್ಷಿಣದಲ್ಲೂ ಇವೆ. ಅಭಿವೃದ್ಧಿಗೆ 31,000 ಕೋಟಿ ರೂ. ಒದಗಿಸುವುದನ್ನು ಪರಿಶೀಲಿಸಬಹುದಾಗಿದೆ."

ಒಂದು ಅಂಕಿಯೂ ಸುಳ್ಳಲ್ಲ. ಆದರೂ ವರದಿಯ ಪ್ರಾಣ ಹೋಗಿದೆ. 59ಕ್ಕೂ 55ಕ್ಕೂ ಎಷ್ಟು ಅಂತರ ಮಹಾ! ಓದಿದ ಸಾಹೇಬರು "ಉತ್ತರ, ದಕ್ಷಿಣ ಎರಡೂ ಒಂದೇ ಕಣ್ರೀ, ಸುಮ್ಮನೆ ಗಲಾಟೆ" ಎಂದು ಕಡತ ಮುಚ್ಚುತ್ತಾರೆ. ಸಮಿತಿ ಹೇಳಿದ್ದು ಇದಕ್ಕೆ ತದ್ವಿರುದ್ಧ. ಅದು ಆ 114ನ್ನು ಮೂರು ದರ್ಜೆ ಮಾಡಿತ್ತು: ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35. ತಳದ 39ರಲ್ಲಿ 26 ಉತ್ತರದವು, ಅವುಗಳಲ್ಲೂ 21 ಗುಲ್ಬರ್ಗಾ ವಿಭಾಗವೊಂದರಲ್ಲೇ. ದರ್ಜೆಯ ಸಾಲನ್ನು ಜಾಗ ಉಳಿಸಲೆಂದು ಹೊಡೆದುಹಾಕಿದಾಗ ತೀರ್ಮಾನವೇ ತಲೆಕೆಳಗಾಯಿತು. ಉಳಿದ ಜಾಗದಲ್ಲಿ "ಸನ್ಮಾನ್ಯ" ಆರಾಮಾಗಿ ಕಾಲು ಚಾಚಿ ಕೂತಿತು.

ದುಡ್ಡಿನ ಕತೆ ಇನ್ನೂ ಸ್ವಾರಸ್ಯ. 31,000 ಕೋಟಿ ಒಂದೇ ಗಂಟಲ್ಲ. 15,000 ಕೋಟಿ ಮಾಮೂಲಿ ಯೋಜನಾ ವೆಚ್ಚದಿಂದಲೇ ಬರಬೇಕು, ಅದರ ಮೇಲೆ 16,000 ಕೋಟಿ ಹೆಚ್ಚುವರಿಯಾಗಿ ಕೊಡಬೇಕು, ಅದೂ ಎಂಟು ವರ್ಷಗಳಲ್ಲಿ. ಈ ವಿಂಗಡಣೆಯನ್ನು ಸಾರಾಂಶದಲ್ಲಿ ಬಿಟ್ಟರೆ ಹಣಕಾಸಿನವರಿಗೆ ಹಬ್ಬ: ಹೇಗೂ ಮಾಡಲಿದ್ದ ಖರ್ಚನ್ನೇ ತೋರಿಸಿ "ಶಿಫಾರಸು ಜಾರಿಯಲ್ಲಿದೆ" ಎನ್ನಬಹುದು. "ಹೆಚ್ಚುವರಿ" ಎಂಬ ಒಂದು ಮಾತಿಗೆ 16,000 ಕೋಟಿಯ ಬೆಲೆ. "ಎಂಟು ವರ್ಷ" ಹೋದರಂತೂ ಪ್ರಳಯದವರೆಗೂ ಕಾಲಾವಕಾಶ.

ಇನ್ನು ಹಂಚಿಕೆ. ಗುಲ್ಬರ್ಗಾ ವಿಭಾಗಕ್ಕೆ ಶೇ. 40, ಬೆಳಗಾವಿಗೆ 20, ಬೆಂಗಳೂರಿಗೆ 25, ಮೈಸೂರಿಗೆ 15. ಪಳಗಿದ ಕೈ ಇದನ್ನು "ಸೂಕ್ತ ಪ್ರಮಾಣದಲ್ಲಿ" ಎಂದು ಮುಗಿಸುತ್ತದೆ. ಯಾರಿಗೆ ಸೂಕ್ತವೋ!

ಹಾಗಾದರೆ ಒಂದೇ ಹಾಳೆಯಲ್ಲಿ ಬರೆಯಲಾಗದೇ? ಖಂಡಿತ ಆಗುತ್ತದೆ, ಮುನ್ನುಡಿಯಿಂದ ಶುರುಮಾಡಬಾರದು ಅಷ್ಟೆ. ಮೊದಲು ಶಿಫಾರಸುಗಳ ಅಧ್ಯಾಯ ತೆರೆಯಿರಿ. ಒಂದೊಂದು ಶಿಫಾರಸಿನಿಂದ ಹಿಂದಕ್ಕೆ ನಡೆದು ಅದು ಯಾವ ತೀರ್ಮಾನದ ಮೇಲೆ ನಿಂತಿದೆ, ಆ ತೀರ್ಮಾನ ಯಾವ ಅಂಕಿಯ ಮೇಲೆ ನಿಂತಿದೆ ಎಂದು ಹುಡುಕಿ. ಈ ಮೂರನ್ನೂ ಒಟ್ಟಿಗೆ ಇಳಿಸಿ, ಪಕ್ಕದಲ್ಲಿ ಪುಟಸಂಖ್ಯೆ ಹಾಕಿ. ಅಂಕಿ ಬರೆಯುವಾಗ ಅದು ಎಷ್ಟರಲ್ಲಿ ಎಷ್ಟು, ಎಷ್ಟು ಕಾಲಕ್ಕೆ ಎಂಬುದು ಜೊತೆಗಿರಲಿ. ಕ್ರಿಯಾಪದ ಮುಟ್ಟಬೇಡಿ: ಸಮಿತಿ "ಕೊಡಬೇಕು" ಎಂದಿದ್ದರೆ ನೀವು "ಪರಿಶೀಲಿಸಬಹುದು" ಎನ್ನಲು ಯಾರು? ಕೊನೆಗೆ ಕೂಡಿ ನೋಡಿ: 39, 40, 35 ಸೇರಿದರೆ 114 ಬರುತ್ತದೆಯೇ, ನಾಲ್ಕು ವಿಭಾಗಗಳ ಪಾಲು ನೂರಾಗುತ್ತದೆಯೇ?

ಹೀಗೆ ಮಾಡಿದರೆ ನಂಜುಂಡಪ್ಪ ವರದಿಯ ತಿರುಳು ಇಷ್ಟು: "175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ಆದ್ದರಿಂದ ಮಾಮೂಲಿ 15,000 ಕೋಟಿಯಲ್ಲದೆ ಎಂಟು ವರ್ಷಗಳಲ್ಲಿ ಹೆಚ್ಚುವರಿ 16,000 ಕೋಟಿ ರೂ. ಕೊಡಬೇಕು, ಅದರಲ್ಲಿ ಶೇ. 40 ಗುಲ್ಬರ್ಗಾಕ್ಕೆ." ಹಾಳೆ ಅರ್ಧವೂ ತುಂಬಲಿಲ್ಲ.

ಆದರೆ ಇಂಥ ಸಾರಾಂಶದಲ್ಲಿ ಒಂದು ತೊಂದರೆಯಿದೆ. ಓದಿದವರಿಗೆ ತಾವೇನು ಮಾಡಬೇಕೆಂದು ಗೊತ್ತಾಗಿಬಿಡುತ್ತದೆ. ಗೊತ್ತಿರಲಿಲ್ಲ ಎಂದು ಮುಂದೆ ಹೇಳುವಂತಿಲ್ಲ. ಅದಕ್ಕೇ ಪಳಗಿದ ಕೈಗಳಿಗೆ ಬಡ್ತಿ ಬೇಗ.

ವರದಿ ಸರ್ಕಾರದ ಕೈಸೇರಿದ್ದು 2002ರಲ್ಲಿ. ಅದನ್ನು ಆಧರಿಸಿದ ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದು 2007-08ರಲ್ಲಿ.