ಮೈನಸ್ ಇಲ್ಲದ ಚೆಂಡು

ಟೆಸ್ಟ್ ಪೇಪರು ತಿದ್ದುವ ದಿನಗಳಲ್ಲಿ ನಮ್ಮ ಮನೆಗೆ ಬಂದವರಿಗೆ ಕಾಫಿ ಸಿಗುತ್ತದೆ, ಕೂರಲು ಕುರ್ಚಿ ಸಿಗುವುದಿಲ್ಲ. ಕುರ್ಚಿಗಳಲ್ಲೆಲ್ಲ ಪ್ರಥಮ ಪಿಯುಸಿಯ ಫಿಸಿಕ್ಸ್ ಆಸೀನವಾಗಿರುತ್ತದೆ. ಈ ಸಲದ ಲೆಕ್ಕ ಹೀಗಿತ್ತು: 15 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, 30 ಡಿಗ್ರಿ ಓರೆಯಾಗಿ ಮೇಲಕ್ಕೆ ಚೆಂಡು ಎಸೆದಿದ್ದಾರೆ. ಕೆಳಗೆ ಯಾರ ತಲೆಯಿದೆಯೋ ಎಂಬ ಚಿಂತೆ ಪ್ರಶ್ನೆಪತ್ರಿಕೆಗಳಿಗೆ ಎಂದೂ ಇಲ್ಲ. ನೆಲ ಮುಟ್ಟಲು ಎಷ್ಟು ಹೊತ್ತು, ಎಷ್ಟು ದೂರದಲ್ಲಿ, ಎಷ್ಟು ವೇಗದಲ್ಲಿ? g 10 ಎಂದಿಟ್ಟುಕೊಳ್ಳಿ.

ಮೇಲ್ಮುಖ ವೇಗ 10. ಮೇಲಿನ ದಿಕ್ಕು ಪ್ಲಸ್ ಎಂದಮೇಲೆ g ಮೈನಸ್, ನೆಲವೂ ಮೈನಸ್ 15. ಅಲ್ಲಿಗೆ 10t − 5t² = −15, ಹೊತ್ತು 3 ಸೆಕೆಂಡು, ದೂರ ಸುಮಾರು 52 ಮೀಟರ್. ನಮ್ಮ ಹುಡುಗ ಮುತ್ತಿನಂಥ ಅಕ್ಷರದಲ್ಲಿ 10t + 5t² = 15 ಎಂದು ಬರೆದಿದ್ದ. ಹೊತ್ತು 1 ಸೆಕೆಂಡು, ದೂರ 17 ಮೀಟರ್ ಚಿಲ್ಲರೆ. ಕೊನೆಯ ವೇಗ ಮಾತ್ರ 26.5, ಕೀ ಉತ್ತರದಲ್ಲಿ ಇರುವಷ್ಟೇ!

"ಅಲ್ಲಾ ರೀ, ಕೊನೇ ಉತ್ತರ ಸರಿ ಇದೆಯಲ್ಲ, ಯಾಕೆ ಕೆಂಪು ಗೀಚ್ತೀರಿ?" ಎಂದಳು ಕಾಫಿ ತಂದ ನನ್ನಾಕೆ.

ಸರಿಯಿರಲೇಬೇಕು. ಅವನ ಲೆಕ್ಕದಲ್ಲಿ ಕೆಳಮುಖ ವೇಗ 10 + 10 = 20. ಸರಿಯಾದ ಲೆಕ್ಕದಲ್ಲಿ 10 − 30 = −20. ವರ್ಗ ಮಾಡಿದ ಮೇಲೆ ಮೈನಸ್ಸಿಗೆ ಎಲ್ಲಿಯ ಅಸ್ತಿತ್ವ? ಅವನು ಬಿಡಿಸಿದ್ದು ಅದೇ ಚೆಂಡನ್ನು 30 ಡಿಗ್ರಿ ಕೆಳಕ್ಕೆ ಎಸೆದರೆ ಏನಾಗುತ್ತದೆ ಎಂಬ, ಯಾರೂ ಕೇಳದ ಪ್ರಶ್ನೆಯನ್ನು. ಒಂದೇ ಎತ್ತರದಿಂದ ಒಂದೇ ವೇಗದಲ್ಲಿ ಹೊರಟ ಚೆಂಡು ಯಾವ ದಿಕ್ಕಿಗೆ ಹೋದರೂ ನೆಲಕ್ಕೆ ಬಡಿಯುವ ವೇಗ ಒಂದೇ. ಶಕ್ತಿಯ ಲೆಕ್ಕಕ್ಕೆ ದಿಕ್ಕಿನ ಗೊಡವೆಯಿಲ್ಲ.

ತಮಾಷೆಯೆಂದರೆ, ಹುಡುಗ g ಒಂದನ್ನೇ ತಪ್ಪಿ −15 ಅನ್ನು ಹಾಗೇ ಉಳಿಸಿದ್ದರೆ t² + 2t + 3 = 0 ಬಂದು, ಋಣಸಂಖ್ಯೆಯ ವರ್ಗಮೂಲದಲ್ಲಿ ಸಿಕ್ಕಿಕೊಂಡು ಹಿಂತಿರುಗಿ ನೋಡುತ್ತಿದ್ದ. ಎರಡನೆಯ ತಪ್ಪು ಮೊದಲನೆಯದಕ್ಕೆ ಜಾಮೀನು ನಿಂತುಬಿಟ್ಟಿತು.

ಸಿಕ್ಕಿಬಿದ್ದದ್ದು ಆ 1 ಸೆಕೆಂಡಿನಿಂದ. 15 ಮೀಟರ್ ಮೇಲಿಂದ ಚೆಂಡನ್ನು ಸುಮ್ಮನೆ ಕೈಬಿಟ್ಟರೂ ನೆಲ ಸೇರಲು 1.73 ಸೆಕೆಂಡು ಬೇಕು. ಮೇಲಕ್ಕೆ ಎಸೆದದ್ದು ಅದಕ್ಕಿಂತ ಬೇಗ ಇಳಿಯುವುದುಂಟೇ? ನಿಜವಾದ ಚೆಂಡು 1 ಸೆಕೆಂಡಿಗೆ ನೆಲದಿಂದ 20 ಮೀಟರ್ ಎತ್ತರದಲ್ಲಿ, ತನ್ನ ತುತ್ತತುದಿಯಲ್ಲಿರುತ್ತದೆ.

ಹೊತ್ತಿನ ಮೆಟ್ಟಿಲಲ್ಲಿ ಒಂದು ಅಂಕ ಕಳೆದೆ. ದೂರಕ್ಕೂ ವೇಗಕ್ಕೂ ತನ್ನದೇ ತಪ್ಪು ಹೊತ್ತನ್ನು ಸರಿಯಾದ ಕ್ರಮದಲ್ಲಿ ಬಳಸಿದ್ದನಾದ್ದರಿಂದ ಅಲ್ಲಿ ಮುಟ್ಟಲಿಲ್ಲ. ಐದಕ್ಕೆ ನಾಲ್ಕು. ಉದಾರವಾಯಿತು ಎನ್ನುವ ಮೇಷ್ಟರಿದ್ದಾರೆ. ಆದರೆ ಒಂದೇ ತಪ್ಪಿಗೆ ಮೂರು ಕಡೆ ದಂಡ ಹಾಕುವುದು ನನ್ನಿಂದಾಗದು.